ಮೊದಲ ಸುಳಿವಿಗೇ ಉತ್ತರ ಹೇಳುವ ಮಗು ನಿಜಕ್ಕೂ ಕೇಳಿಸಿಕೊಂಡಿದೆಯೇ?

ಒಂದು ಒಗಟು. ನಾಲ್ಕು ಕಾಲಿದೆ, ಎರಡು ಕೋಡಿದೆ, ಹುಲ್ಲು ತಿನ್ನುತ್ತದೆ. ಯಾವುದು?

ನಿಮ್ಮ ಮನಸ್ಸಿಗೆ ‘ದನ’ ಬಂದಿರಬಹುದು. ಆದರೆ ಒಗಟು ಇನ್ನೂ ಮುಗಿದಿಲ್ಲ, ಕೊನೆಯ ಸುಳಿವು ಬಾಕಿ ಇದೆ: ‘ಗಲ್ಲದ ಕೆಳಗೆ ಗಡ್ಡ ಇದೆ.’ ಈಗ ದನವನ್ನು ಬಿಟ್ಟು ಆಡಿನ ಕಡೆ ಹೋಗಬೇಕು. ದೊಡ್ಡವರಿಗೆ ಇದು ಕ್ಷಣದ ಕೆಲಸ. ನಾಲ್ಕು ವರ್ಷದ ಮಗುವಿಗೆ ಹಾಗಲ್ಲ. ಮೊದಲು ಕೇಳಿದ ಮೂರು ಮಾತನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು, ಬಾಯಿಗೆ ಬಂದ ಉತ್ತರವನ್ನು ತಡೆಯಬೇಕು, ಹೊಸ ಮಾತು ಬಂದಾಗ ಹಳೆಯ ಊಹೆಯನ್ನು ಬಿಟ್ಟುಕೊಡಬೇಕು. ಪ್ರಾಣಿ, ಹಣ್ಣುಗಳ ಒಗಟಿನಿಂದ ಮಗು ಏನಾದರೂ ಕಲಿಯುವುದಿದ್ದರೆ ಕಲಿಯುವುದು ಈ ಮೂರನ್ನೇ. ಉತ್ತರ ಗೊತ್ತಿರುವುದು ಇದರಲ್ಲಿ ಸಣ್ಣ ಪಾಲು.

ಹಾಗಾಗಿ ‘ನಮ್ಮ ಮಗು ಒಗಟು ಹೇಳಿ ಮುಗಿಸುವ ಮೊದಲೇ ಉತ್ತರ ಹೇಳ್ತದೆ, ಭಾರೀ ಚುರುಕು’ ಎಂಬ ಮಾತು ಕೇಳಿದಾಗ ನನಗೆ ಸಣ್ಣ ಅನುಮಾನ ಬರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಗಳಲ್ಲೂ ಅಂಗನವಾಡಿಗಳಲ್ಲೂ ಈ ಮಾತು ಕೇಳಿದ್ದೇನೆ. ಮುಗಿಯುವ ಮೊದಲೇ ಉತ್ತರ ಬಂದಿದೆಯೆಂದರೆ ಎರಡರಲ್ಲಿ ಒಂದು ನಡೆದಿರುತ್ತದೆ. ಮಗುವಿಗೆ ಆ ಒಗಟು ಮೊದಲೇ ಬಾಯಿಪಾಠ ಇದೆ, ಇಲ್ಲವೇ ಮೊದಲ ಸುಳಿವೇ ಉತ್ತರವನ್ನು ಬಿಟ್ಟುಕೊಟ್ಟಿದೆ. ಎರಡರಲ್ಲೂ ಮಗು ಹೆಚ್ಚು ಕೇಳಿಸಿಕೊಳ್ಳುವ ಅಗತ್ಯ ಬಿದ್ದಿಲ್ಲ.

ಅಜ್ಜಿಯ ಒಗಟು ಬೇರೆ, ಪುಟ್ಟ ಮಕ್ಕಳ ಒಗಟು ಬೇರೆ

ನಮ್ಮಲ್ಲಿ ಒಗಟಿಗೇನೂ ಕೊರತೆಯಿಲ್ಲ. ಕುಂದಗನ್ನಡದಲ್ಲೂ ಇವೆ, ತುಳುವಿನಲ್ಲಿ ‘ಎದುರುಕತೆ’ ಎಂಬ ಹೆಸರಿನಲ್ಲೂ ಇವೆ. ಇವುಗಳಲ್ಲಿ ಹೆಚ್ಚಿನವು ಒಂದು ವಸ್ತುವನ್ನು ಇನ್ನೊಂದರ ವೇಷದಲ್ಲಿ ತಂದು ನಿಲ್ಲಿಸುತ್ತವೆ. ತೆಂಗಿನಕಾಯಿ ಮೂರು ಕಣ್ಣಿನವನಾಗುತ್ತದೆ, ಹಲಸಿನ ತೊಳೆ ಮುಳ್ಳಿನ ಕೋಟೆಯೊಳಗಿನ ಮಕ್ಕಳಾಗುತ್ತದೆ. ಕೇಳುವುದಕ್ಕೆ ಸೊಗಸು. ಆದರೆ ಇವು ಮೂಲತಃ ಹಿರಿಯರೂ ದೊಡ್ಡ ಮಕ್ಕಳೂ ಒಬ್ಬರನ್ನೊಬ್ಬರು ಕೆಣಕಲು ಬಳಸುತ್ತಿದ್ದವು. ಸೋಲಿಸುವುದೇ ಅಲ್ಲಿ ಆಟ.

ಮೂರು–ನಾಲ್ಕು ವರ್ಷದ ಮಗುವಿಗೆ ಈ ವೇಷ ಕಳಚುವುದು ಕಷ್ಟ. ಎಲೆನ್ ವಿನ್ನರ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಹಲವು ವರ್ಷ ಸೆರೆಮನೆಯಲ್ಲಿ ದುಡಿದ ಕಾವಲುಗಾರ ಕದಲದ ಬಂಡೆಯಾಗಿದ್ದ ಎಂಬಂಥ ವಾಕ್ಯಗಳನ್ನು ಮಕ್ಕಳ ಮುಂದಿಟ್ಟು ಅರ್ಥ ಕೇಳಿದ್ದರು. ಆರೇಳು ವರ್ಷದ ಮಕ್ಕಳಲ್ಲಿ ಹಲವರು ಅದಕ್ಕೆ ಮಾಟದ ಕಥೆ ಕಟ್ಟಿದರು, ಇಲ್ಲವೇ ಸೆರೆಮನೆಯ ಗೋಡೆ ಕಲ್ಲಿನದು ಎನ್ನುವ ಕಡೆಗೆ ಜಾರಿದರು. ಅವನ ಮನಸ್ಸು ಕಲ್ಲಾಗಿತ್ತು ಎಂಬ ಅರ್ಥಕ್ಕೆ ಬಂದದ್ದು ದೊಡ್ಡ ಮಕ್ಕಳು. ಆರು ವರ್ಷದವರಿಗೇ ಹೀಗಾದರೆ ಅಂಗನವಾಡಿಯ ಮಗು ‘ಮೂರು ಕಣ್ಣಿನವನು’ ಎಂದಾಗ ಮೂರು ಕಣ್ಣಿನ ಮನುಷ್ಯನನ್ನೇ ಹುಡುಕಿದರೆ ಅದು ದಡ್ಡತನವಲ್ಲ.

ಅಜ್ಜಿಯ ಒಗಟನ್ನು ಕೈಬಿಡಬೇಕೆಂದೇನೂ ಅಲ್ಲ, ಅದರ ಲಯಕ್ಕಾಗಿ ಹೇಳಲಿ. ಆದರೆ ಊಹಿಸುವ ಆಟಕ್ಕೆ ಈ ವಯಸ್ಸಿನಲ್ಲಿ ಬೇಕಾದದ್ದು ನೇರ ಸುಳಿವಿನ ಒಗಟು. ಎಲ್ಲಿ ಇರುತ್ತದೆ, ಹೇಗೆ ಕಾಣುತ್ತದೆ, ಏನು ಮಾಡುತ್ತದೆ ಎಂಬ ಸುಳಿವುಗಳು. ಪ್ರತಿಯೊಂದೂ ನಿಜವಾಗಿರಬೇಕು, ಮಗು ಕಣ್ಣಾರೆ ಕಂಡದ್ದಾಗಿರಬೇಕು.

ಗೇರು ಹಣ್ಣನ್ನು ಒಗಟು ಮಾಡುವ ಬಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಣ್ಣಿನ ಪಟಗಳಲ್ಲಿ ಸೇಬು, ಸ್ಟ್ರಾಬೆರಿ ಮುಂದಿನ ಸಾಲಿನಲ್ಲಿರುತ್ತವೆ. ನಮ್ಮ ಕರಾವಳಿಯ ಮಗು ಬೇಸಿಗೆಯಲ್ಲಿ ಹಾಡಿಯಲ್ಲಿ ಹೆಕ್ಕಿ ತಿನ್ನುವ ಗೇರು ಹಣ್ಣು ಅಲ್ಲಿ ಕಾಣುವುದು ಅಪರೂಪ. ಒಗಟಿಗೆ ಗೇರಿನಷ್ಟು ಒಳ್ಳೆಯ ಹಣ್ಣು ಇನ್ನೊಂದಿಲ್ಲ, ಏಕೆಂದರೆ ಅದರ ಬೀಜ ಹೊರಗೆ ನೇತಾಡುತ್ತದೆ. ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಹಣ್ಣು ಆ ಬೀಜದ ಭಾಗವೇ. ನಾವು ಹಣ್ಣೆಂದು ಕಚ್ಚುವುದು ಉಬ್ಬಿದ ತೊಟ್ಟು. ಪೋರ್ಚುಗೀಸರ ಜೊತೆ ಬ್ರೆಜಿಲ್ ಕಡೆಯಿಂದ ಬಂದ ಈ ಮರ ಇವತ್ತು ಇಲ್ಲಿಯದೇ ಎನ್ನುವಷ್ಟು ಹೊಂದಿಕೊಂಡಿದೆ.

‘ಬೀಜ ಹೊರಗಿರುವ ಹಣ್ಣು ಯಾವುದು?’ ಎಂದು ಕೇಳಿದರೆ ಅದು ಒಗಟಲ್ಲ, ಸಾಮಾನ್ಯ ಜ್ಞಾನದ ಪ್ರಶ್ನೆ. ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಅದೇ ಸುಳಿವನ್ನು ಕೊನೆಗೆ ತಳ್ಳಿ ಅದರ ಮುಂದೆ ಎರಡು ಮಾತು ಸೇರಿಸಿ ನೋಡಿ:

ಮರದಲ್ಲಿ ಬೆಳೆಯುತ್ತದೆ.
ಹಣ್ಣಾದಾಗ ಕೆಂಪು, ಇಲ್ಲವೇ ಹಳದಿ.
ಬೀಜ ಹೊರಗೆ ನೇತಾಡುತ್ತದೆ.

ಈಗ ಮಗುವಿನ ತಲೆಯಲ್ಲಿ ಏನಾಗಬೇಕು ಎಂದು ಲೆಕ್ಕ ಹಾಕೋಣ. ಮೊದಲ ಸುಳಿವಿಗೆ ಮಾವು, ಹಲಸು, ಪೇರಳೆ, ಗೇರು ಎಲ್ಲವೂ ಹೊಂದುತ್ತವೆ. ಬಾಳೆಯೂ ಹೊಂದುತ್ತದೆ, ಬಾಳೆ ಮರವೇ ಅಲ್ಲ ಎಂಬ ತಕರಾರು ನಾಲ್ಕು ವರ್ಷದವರ ಜೊತೆ ಬೇಡ. ಎರಡನೆಯ ಸುಳಿವಿಗೆ ಹಲಸು, ಪೇರಳೆ ಹೊರಗೆ ಬೀಳುತ್ತವೆ. ಮಾವು, ಬಾಳೆ, ಗೇರು ಉಳಿಯುತ್ತವೆ. ಮೂರನೆಯದಕ್ಕೆ ಗೇರು ಮಾತ್ರ. ಐದರಿಂದ ಮೂರು, ಮೂರರಿಂದ ಒಂದು. ಒಗಟು ಕಟ್ಟುವಾಗ ನಾನು ನೋಡುವುದು ಈ ಇಳಿಕೆಯನ್ನೇ. ಮೊದಲ ಮಾತಿಗೇ ಒಂದು ಉಳಿದರೆ ಮುಂದಿನ ಮಾತು ದಂಡ. ಕೊನೆಯ ಮಾತಾದ ಮೇಲೂ ಎರಡು ಉಳಿದರೆ ಒಗಟು ಕೆಟ್ಟಿದೆ, ತಪ್ಪು ಮಗುವಿನದಲ್ಲ.

ಸುಳಿವು ಮೂರೇ ಏಕೆ? ಕೇಳಿದ್ದನ್ನು ತಕ್ಷಣ ಮರಳಿ ಹೇಳುವಂತೆ ಕೇಳಿದರೆ ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಮೂರು, ಹೆಚ್ಚೆಂದರೆ ನಾಲ್ಕು ಅಂಕಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಗಟಿನಲ್ಲಿ ಹಿಡಿದಿಟ್ಟುಕೊಂಡರೆ ಸಾಲದು, ಅದರ ಜೊತೆ ಯೋಚಿಸಲೂ ಬೇಕು. ಐದಾರು ಸುಳಿವು ಸುರಿದರೆ ಮಗು ಕೊನೆಯದೊಂದನ್ನು ಮಾತ್ರ ಹಿಡಿದುಕೊಂಡು ಉತ್ತರ ಹೇಳುತ್ತದೆ.

ಬ್ರಹ್ಮಾವರ ಕಡೆಯ ಒಂದು ಅಂಗನವಾಡಿಯಲ್ಲಿ ಈ ಭಾರವನ್ನು ಇಳಿಸುವ ಸುಲಭ ಉಪಾಯ ಕಂಡೆ. ಟೀಚರ್ ಐದು ಹಣ್ಣಿನ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದ್ದರು. ಮೊದಲ ಸುಳಿವಿಗೇ ಒಬ್ಬ ಮಾಣಿ ‘ಮಾಯಿನ್ ಹಣ್!’ ಎಂದು ಕೂಗಿದ. ಟೀಚರ್ ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ‘ಆಯ್ಕ್, ಇನ್ನೊಂದ್ ಮಾತ್ ಕೇಣಿ’ ಎಂದರು. ಎರಡನೆಯ ಸುಳಿವು ಹೇಳಿ, ‘ಯಾವ್ದನ್ನ್ ಮಗುಚಿ ಹಾಕುದು?’ ಎಂದು ಕೇಳಿದರು. ಮಕ್ಕಳೇ ಹಲಸನ್ನೂ ಪೇರಳೆಯನ್ನೂ ಮಗುಚಿ ಹಾಕಿದರು. ಮೂರನೆಯ ಸುಳಿವಿಗೆ ಅದೇ ಮಾಣಿ ಮಾವಿನ ಚಿತ್ರದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಇದ್ರ್ ಗೊರ್ಟ್ ಒಳ್ಗ್ ಇತ್ತ್’ ಎಂದು ತಾನೇ ಮಗುಚಿದ. ಆ ಸುಮ್ಮನಿದ್ದ ಹೊತ್ತಿನಲ್ಲೇ ಇಡೀ ಕೆಲಸ ನಡೆದದ್ದು.

ಚಿತ್ರ ಮಗುಚುವುದರಿಂದ ‘ಇದು ಆಗಲೇ ಹೊರಗೆ ಬಿತ್ತು’ ಎಂಬುದನ್ನು ತಲೆಯ ಬದಲು ಚಾಪೆ ನೆನಪಿಟ್ಟುಕೊಳ್ಳುತ್ತದೆ. ಮೂರು ವರ್ಷದವರಿಗೆ ಮೂರು ಚಿತ್ರ, ನಾಲ್ಕರವರಿಗೆ ಐದು ಸಾಕು. ಐದು ದಾಟಿದವರಿಗೆ ಚಿತ್ರವಿಲ್ಲದೆಯೇ ಹೇಳಿ ನೋಡಬಹುದು. ನಿಜವಾದ ಗೇರು ಹಣ್ಣನ್ನೇ ತಂದು ತೋರಿಸುವುದಾದರೆ ಬೀಜವನ್ನು ಮಕ್ಕಳ ಕೈಗೆ ಕೊಡಬೇಡಿ. ಹಸಿ ಸಿಪ್ಪೆಯ ಎಣ್ಣೆ ತುಟಿ, ಚರ್ಮ ಸುಡುತ್ತದೆ.

ಸುಳಿವಾದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು?

ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ತರಗತಿಗಳನ್ನು ಧ್ವನಿಮುದ್ರಿಸಿ ಕೇಳಿದರು. ಶಿಕ್ಷಕರು ಪ್ರಶ್ನೆ ಹಾಕಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಅದು ದೊಡ್ಡ ಮಕ್ಕಳ ತರಗತಿ. ಅಂಗನವಾಡಿಯ ಮಗುವಿಗೆ ಮನಸ್ಸಿನಲ್ಲಿ ಒಂದರಿಂದ ಐದರವರೆಗೆ ನಿಧಾನವಾಗಿ ಎಣಿಸುವಷ್ಟು ಹೊತ್ತು ಕೊಡಿ ಎನ್ನುತ್ತೇನೆ. ಹೇಳುವವರಿಗೆ ಆ ಐದು ಎಣಿಕೆ ಯುಗದಂತೆ ಅನಿಸುತ್ತದೆ, ಅದು ಬೇರೆ ಮಾತು.

ಮಾತೇ ಅಡ್ಡ ಬಂದಾಗ

ಮಗು ಉತ್ತರ ಹೇಳದಿದ್ದರೆ ನಾವು ಮೊದಲು ಅನುಮಾನಿಸುವುದು ಮಗುವನ್ನು. ಅನುಮಾನಿಸಬೇಕಾದದ್ದು ಒಗಟಿನ ಭಾಷೆಯನ್ನು. ಈ ಮೂರು ತಾಲ್ಲೂಕುಗಳಲ್ಲಿ ಮನೆಮಾತು ಒಂದೇ ಅಲ್ಲ. ಕುಂದಗನ್ನಡದವರ ನಡುವೆ ಕೊಂಕಣಿ ಮನೆಗಳಿವೆ, ಬ್ರಹ್ಮಾವರದ ಕಡೆ ತುಳು ಹೆಚ್ಚು. ಒಂದೇ ಬೆಕ್ಕು ಕನ್ನಡದಲ್ಲಿ ಬೆಕ್ಕು, ತುಳುವಿನಲ್ಲಿ ಪುಚ್ಚೆ, ಕೊಂಕಣಿಯಲ್ಲಿ ಮಾಜ್ಜರ. ಒಗಟು ಕೇಳಿ ಮಗು ‘ಪುಚ್ಚೆ’ ಎಂದರೆ ಅದು ಪೂರ್ತಿ ಸರಿಯುತ್ತರ. ‘ಕನ್ನಡದಲ್ಲಿ ಹೇಳು’ ಎಂದು ಅಲ್ಲೇ ತಿದ್ದಿದರೆ, ಸರಿಯಾಗಿ ಊಹಿಸಿದ್ದಕ್ಕೂ ತಾನು ಸೋತೆ ಎಂದು ಮಗು ತಿಳಿಯುತ್ತದೆ. ‘ಹೌದು, ಪುಚ್ಚೆ. ಬೆಕ್ಕು’ ಎಂದು ಎರಡನ್ನೂ ಒಟ್ಟಿಗೆ ಹೇಳಿ ಮುಂದೆ ಹೋದರಾಯಿತು.

ಸುಳಿವಿನ ಪದಗಳೂ ಹೀಗೆಯೇ. ‘ಜಾನುವಾರು’ ಎಂದರೆ ಮಿಕಮಿಕ ನೋಡುವ ಮಗು ‘ಗಂಟಿ’ ಎಂದರೆ ತಕ್ಷಣ ಹಟ್ಟಿಯ ಕಡೆ ತಿರುಗುತ್ತದೆ. ಹೆಣ್ಣು ಕೋಳಿಗೆ ಮನೆಯಲ್ಲಿ ‘ಹೇಂಟೆ’ ಎನ್ನುವವರಿದ್ದಾರೆ. ಪುಸ್ತಕದ ಪದ ಕಲಿಸುವುದು ಒಳ್ಳೆಯದೇ, ಆದರೆ ಅದನ್ನು ಒಗಟಿನ ಹೊತ್ತಿನಲ್ಲಿ ಸೇರಿಸಿದರೆ ಮಗು ಸೋತದ್ದು ಊಹೆಯಲ್ಲೋ ಪದದಲ್ಲೋ ನಮಗೇ ಗೊತ್ತಾಗುವುದಿಲ್ಲ.

ಇನ್ನೊಂದು ತೊಡಕು ಕನ್ನಡದ ವಾಕ್ಯದಲ್ಲೇ ಇದೆ. ನಮ್ಮ ‘ಇಲ್ಲ’ ಬರುವುದು ಕೊನೆಯಲ್ಲಿ. ‘ರೆಕ್ಕೆ ಇದೆ, ಆದರೆ ಎತ್ತರಕ್ಕೆ ಹಾರುವುದಿಲ್ಲ’ ಎಂಬ ಸುಳಿವಿನಲ್ಲಿ ಮಗು ರೆಕ್ಕೆ, ಎತ್ತರ, ಹಾರು ಎಲ್ಲವನ್ನೂ ಕೇಳಿ ಗಿಡುಗನನ್ನೋ ಕಾಗೆಯನ್ನೋ ಮನಸ್ಸಿಗೆ ತಂದುಕೊಂಡಾಗಿರುತ್ತದೆ. ಕೊನೆಯ ‘ಇಲ್ಲ’ ಆ ಚಿತ್ರವನ್ನು ಅಳಿಸಬೇಕು. ಅಲ್ಲಗಳೆಯುವ ಮಾತು ಪುಟ್ಟ ಮಕ್ಕಳಿಗೆ ಮೊದಲೇ ಕಷ್ಟ. ‘ನೆಲದಲ್ಲಿ ಕೆದಕಿ ಕೆದಕಿ ತಿನ್ನುತ್ತದೆ’ ಎಂದರೆ ಕೋಳಿ ಸಲೀಸಾಗಿ ಬರುತ್ತದೆ. ನಾಲ್ಕೂವರೆ ದಾಟಿದ ಮೇಲೆ ಬೇಕೆಂದೇ ಒಂದು ‘ಇಲ್ಲ’ ಸೇರಿಸಿ, ಕೊನೆಯವರೆಗೆ ಕೇಳಿಸಿಕೊಂಡರೇ ಎಂದು ನೋಡಬಹುದು.

‘ನಾನು ಯಾರು?’ ಎಂದು ಮುಗಿಯುವ ಒಗಟುಗಳೂ ಬಹಳ ಇವೆ. ಮೂರು ವರ್ಷದವರ ಮುಂದೆ ಇದನ್ನು ಹೇಳಿದರೆ ಕೆಲವರು ಮುಖ ನೋಡಿ ‘ಟೀಚರ್!’ ಎನ್ನುತ್ತಾರೆ. ತಪ್ಪೇನಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾರೆ. ‘ಅದು ಯಾವುದು?’ ಎಂದರೆ ಈ ಗೊಂದಲ ಇರುವುದಿಲ್ಲ.

ಕೇಳಿಸಿಕೊಂಡಿದೆ ಎಂದು ತಿಳಿಯುವುದು ಹೇಗೆ?

ಉತ್ತರ ಸರಿ ಬಂತು ಎಂಬುದು ಸಾಕ್ಷಿಯಲ್ಲ. ಒಂದೇ ಒಗಟನ್ನು ವಾರಗಟ್ಟಲೆ ಹೇಳಿದರೆ ಅದು ಪದ್ಯದಂತೆ ಬಾಯಿಗೆ ಬರುತ್ತದೆ. ಗುಂಪಿನಲ್ಲಂತೂ ಒಬ್ಬ ಜೋರಿನ ಮಗು ಹೇಳಿದ್ದನ್ನು ಉಳಿದ ಹದಿನೈದು ಮಂದಿ ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಹೊರಗಿನಿಂದ ಬಂದವರಿಗೆ ಇಡೀ ತರಗತಿ ಚುರುಕಾಗಿದೆ ಎನಿಸುತ್ತದೆ.

ಪರೀಕ್ಷಿಸಲು ಒಂದು ದಾರಿ: ಮೊದಲ ಮಾತುಗಳನ್ನು ಹಾಗೆಯೇ ಇಟ್ಟು ಕೊನೆಯದನ್ನು ಮಾತ್ರ ಬದಲಿಸಿ. ಆರಂಭದಲ್ಲಿ ಹೇಳಿದ ಆ ನಾಲ್ಕು ಕಾಲು, ಎರಡು ಕೋಡು, ಹುಲ್ಲಿನ ಒಗಟನ್ನೇ ತೆಗೆದುಕೊಳ್ಳಿ. ಒಂದು ದಿನ ‘ಗಡ್ಡ ಇದೆ’ ಎಂದು ಮುಗಿಸಿ. ಇನ್ನೊಂದು ದಿನ ‘ಕೆಸರು ನೀರಿನಲ್ಲಿ ಮೈ ಮುಳುಗಿಸಿ ಮಲಗುತ್ತದೆ’ ಎಂದು. ಮತ್ತೊಂದು ದಿನ ‘ಅಂಬಾ ಎಂದು ಕೂಗುತ್ತದೆ’ ಎಂದು. ಮೂರೂ ದಿನ ‘ದನ’ ಎಂದೇ ಉತ್ತರ ಬಂದರೆ ಮಗು ಮೊದಲ ಮಾತಿಗೇ ನಿಂತಿದೆ. ಆಡು, ಎಮ್ಮೆ, ದನ ಎಂದು ಬದಲಾದರೆ ಕೊನೆಯವರೆಗೂ ಬಂದಿದೆ. ಕೆಸರಿನ ಸುಳಿವಿಗೆ ಎಮ್ಮೆಯ ಬದಲು ‘ಕೋಣ’ ಎನ್ನುವ ಮಕ್ಕಳೂ ಇರುತ್ತಾರೆ. ಕಂಬಳದ ಊರಿನಲ್ಲಿ ಅದು ತಪ್ಪಾಗುವುದಾದರೂ ಹೇಗೆ? ಗುಂಪಿನ ಗದ್ದಲ ತಪ್ಪಿಸಲು ಉತ್ತರವನ್ನು ಕೂಗುವ ಬದಲು ಟೀಚರ ಕಿವಿಯಲ್ಲಿ ಹೇಳಿಸಿ, ಇಲ್ಲವೇ ಚಿತ್ರದ ಮೇಲೆ ಬೆರಳಿಡಿಸಿ.

ಉತ್ತರ ಬಂದ ಮೇಲೆ ‘ಹ್ಯಾಂಗ್ ಗೊತ್ತಾಯ್ತ್?’ ಎಂದು ಕೇಳುವುದನ್ನು ಮರೆಯಬೇಡಿ. ‘ಗಡ್ಡ ಇತ್ತಲ್ಲ’ ಎಂದು ಹೇಳಿದ ಮಗುವಿಗೆ ಯಾವ ಮಾತು ನಿರ್ಣಾಯಕ ಎಂಬುದು ಹಿಡಿತಕ್ಕೆ ಸಿಕ್ಕಿದೆ. ‘ಸುಮ್ನೆ’ ಎಂದರೆ ಇನ್ನೂ ಸಿಕ್ಕಿಲ್ಲ, ಅಷ್ಟೇ.

ಇಷ್ಟರಿಂದ ಬುದ್ಧಿಮಟ್ಟ ಏರುತ್ತದೆಯೇ? ಹಾಗೆಂದು ಹೇಳುವ ಜಾಹೀರಾತುಗಳಿವೆ, ನಂಬಬೇಕಾಗಿಲ್ಲ. ಊಹಿಸುವ ಕೌಶಲ ಬೆಳೆಯುವುದು ವರ್ಷಗಳ ಲೆಕ್ಕದಲ್ಲಿ. ಮೋಷರ್ ಮತ್ತು ಹಾರ್ನ್ಸ್‌ಬಿ 1966ರಲ್ಲಿ ಪ್ರಕಟಿಸಿದ ಹಳೆಯ ಪ್ರಯೋಗವೊಂದರಲ್ಲಿ ಮಕ್ಕಳು ಹೌದು–ಇಲ್ಲ ಪ್ರಶ್ನೆ ಕೇಳಿ, ಹಲವು ಚಿತ್ರಗಳಲ್ಲಿ ಮನಸ್ಸಿನಲ್ಲಿಟ್ಟುಕೊಂಡ ಒಂದನ್ನು ಕಂಡುಹಿಡಿಯಬೇಕಿತ್ತು. ಆರು ವರ್ಷದವರು ‘ಇದಾ? ಅದಾ?’ ಎಂದು ಒಂದೊಂದನ್ನೇ ಕೇಳಿದರು. ‘ಅದು ಪ್ರಾಣಿಯಾ?’ ಎಂಬಂತೆ ಒಂದೇ ಪ್ರಶ್ನೆಯಲ್ಲಿ ಹತ್ತಾರನ್ನು ಬದಿಗೆ ಸರಿಸಿದ್ದು ಹೆಚ್ಚಾಗಿ ಹನ್ನೊಂದರ ಮಕ್ಕಳು. ಹಾಗಿದ್ದ ಮೇಲೆ ನಾಲ್ಕರ ಮಗು ಸಿಕ್ಕಾಪಟ್ಟೆ ಊಹಿಸುವುದು ಆ ವಯಸ್ಸಿನ ಸಹಜ. ಚಾಪೆಯ ಮೇಲೆ ಚಿತ್ರ ಮಗುಚುವ ಆಟದಲ್ಲಿ ಆ ‘ಬದಿಗೆ ಸರಿಸುವ’ ಕೆಲಸವನ್ನು ಸುಳಿವು ತಾನೇ ಮಾಡಿ ತೋರಿಸುತ್ತದೆ, ಮಗು ಅದನ್ನು ನೋಡುತ್ತದೆ.

ಕಿವಿಯ ಸಂಗತಿ

ಕೆಲವೊಮ್ಮೆ ತೊಂದರೆ ಗಮನದ್ದಲ್ಲ, ಕಿವಿಯದು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತು ಒಗಟು ಹೇಳಿದರೆ ಆ ಸದ್ದಿನಲ್ಲಿ ಸ, ಹ, ತ ಮೊದಲಾದ ಮೆಲುದನಿಯ ಅಕ್ಷರಗಳು ಮುಚ್ಚಿಹೋಗುತ್ತವೆ. ಅಂಥ ದಿನ ಮಕ್ಕಳನ್ನು ಅರ್ಧವೃತ್ತದಲ್ಲಿ ಹತ್ತಿರ ಕೂರಿಸಿ, ಮುಖ ಕಾಣುವಂತೆ ಹೇಳಬೇಕು. ಮಳೆ ಜೋರಾದರೆ ಒಗಟು ಮುಂದೂಡಿ.

ಶೀತದ ನಂತರ ಕಿವಿಯ ಪರದೆಯ ಹಿಂದೆ ದ್ರವ ನಿಲ್ಲುವುದು ಈ ವಯಸ್ಸಿನಲ್ಲಿ ಸಾಮಾನ್ಯ. ನೋವಿರುವುದಿಲ್ಲ, ಮಗು ಹೇಳುವುದೂ ಇಲ್ಲ, ಆದರೆ ಕೇಳಿಸುವುದು ಮಂದವಾಗುತ್ತದೆ. ಚಿತ್ರ ಕಂಡಾಗ ಸರಿಯಾಗಿ ಊಹಿಸುವ ಮಗು, ಬೆನ್ನ ಹಿಂದಿನಿಂದ ಅದೇ ಮಾತನ್ನು ಮೆಲ್ಲಗೆ ಹೇಳಿದಾಗ ಪದೇ ಪದೇ ತಿರುಗಿಯೂ ನೋಡದಿದ್ದರೆ, ಮತ್ತೆ ಮತ್ತೆ ‘ಆಂ?’ ಎನ್ನುತ್ತಿದ್ದರೆ, ಕಿವಿ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡುವ ವ್ಯವಸ್ಥೆ ಇದೆ, ಅದರಲ್ಲಿ ಶ್ರವಣ ದೋಷವೂ ಸೇರಿದೆ. ತಂಡ ಬಂದ ದಿನ ಟೀಚರ್ ‘ಈ ಮಗು ಹಿಂದಿನಿಂದ ಕರೆದರೆ ಓಗೊಡುವುದಿಲ್ಲ’ ಎಂದು ಹೆಸರು ಹಿಡಿದು ಹೇಳಿದರೆ ಪರೀಕ್ಷಿಸುವವರಿಗೆ ಬಹಳ ಅನುಕೂಲ.

ಮಗುವೇ ಒಗಟು ಹೇಳಿದಾಗ

ಕೆಲವು ವಾರ ಆಟ ನಡೆದ ಮೇಲೆ ಮಕ್ಕಳು ‘ನಾನ್ ಹೇಳ್ತೆ’ ಎಂದು ಎದ್ದು ನಿಲ್ಲುತ್ತಾರೆ. ಮೊದಲ ಪ್ರಯತ್ನ ಬಹುತೇಕ ಹೀಗಿರುತ್ತದೆ: ‘ಒಂದ್ ಬೆಕ್ ಇತ್ತ್, ಅದ್ ಹಾಲ್ ಕುಡೀತ್. ಅದ್ ಯಾವ್ದ್?’ ದೊಡ್ಡವರು ನಗುತ್ತಾರೆ. ಆದರೆ ತನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿಲ್ಲ ಎಂಬ ತಿಳಿವಳಿಕೆ ಸುಮಾರು ನಾಲ್ಕರಿಂದ ಐದು ವರ್ಷದ ನಡುವೆ ನಿಧಾನವಾಗಿ ಗಟ್ಟಿಯಾಗುವಂಥದ್ದು. ಉತ್ತರವನ್ನು ಮುಚ್ಚಿಟ್ಟು ಸುಳಿವನ್ನು ಮಾತ್ರ ಕೊಡಬೇಕಾದರೆ ಅದು ಬೇಕೇ ಬೇಕು.

ಇಲ್ಲಿ ಚಿತ್ರದ ಚೀಟಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಮಗುವಿನ ಕೈಗೆ ಒಂದು ಚೀಟಿ ಕೊಟ್ಟು, ಬೇರೆಯವರಿಗೆ ತೋರಿಸದೆ ಎದೆಗೆ ಒತ್ತಿ ಹಿಡಿದುಕೊಳ್ಳಲು ಹೇಳಿ. ಕೈ ಚಿತ್ರವನ್ನು ಮುಚ್ಚಿಟ್ಟಿರುವಾಗ ಬಾಯಿಯೂ ಹೆಸರನ್ನು ಮುಚ್ಚಿಡಬೇಕೆಂಬುದು ಹೊಳೆಯುವುದು ಸುಲಭ. ‘ಎಲ್ಲಿ ಇರ್ತ್?’ ಎಂದು ಒಂದು ಸಲ ಕೇಳಿ, ‘ಎಂತ ತಿಂತ್?’ ಎಂದು ಇನ್ನೊಂದು ಸಲ. ಮೂರನೆಯ ಸುಳಿವನ್ನು ಮಗು ತಾನೇ ಆರಿಸಲಿ. ಅದು ‘ನಮ್ಮನೆಯಲ್ಲಿ ಎರಡ್ ಇತ್ತ್’ ಎಂದಾದರೂ ಸರಿ.